ಸೋರುವ ಮನೆಯವರು ಫೋನಿನಲ್ಲಿ ಏನಂತ ಹುಡುಕುತ್ತಾರೆ?

ಮನೆ ಸೋರಲು ಶುರುವಾದವರಿಗೆ ತಮಗೆ ಬೇಕಾಗಿರುವುದು ‘ವಾಟರ್‌ಪ್ರೂಫಿಂಗ್’ ಅಂತ ಬಹಳ ಸಲ ಗೊತ್ತೇ ಇರುವುದಿಲ್ಲ. ಅವರಿಗೆ ಗೊತ್ತಿರುವುದು ಕಣ್ಣಿಗೆ ಕಾಣುವುದು ಮಾತ್ರ. ಹಾಲ್‌ನ ಮೂಲೆಯಲ್ಲಿ ಕಂದು ಕಲೆ ಬಿದ್ದಿದೆ, ಬೀರುವಿನ ಹಿಂದಿನ ಗೋಡೆ ಮುಟ್ಟಿದರೆ ತಣ್ಣಗಿದೆ, ಹೋದ ದೀಪಾವಳಿಗೆ ಹೊಡೆಸಿದ ಬಣ್ಣ ಹಪ್ಪಳದ ಹಾಗೆ ಎದ್ದಿದೆ. ಫೋನಿಗೆ ಹಾಕುವುದೂ ಅದನ್ನೇ. ಆದರೆ ಈ ಕೆಲಸ ಮಾಡುವ ಕಂಟ್ರಾಕ್ಟರುಗಳು ತಮ್ಮ ಬಗ್ಗೆ ಬರೆಸುವಾಗ ಬಳಸುವುದು ತಮ್ಮ ವೃತ್ತಿಯ ಪದ: ವಾಟರ್‌ಪ್ರೂಫಿಂಗ್, ಕೋಟಿಂಗ್, ಮೆಂಬ್ರೇನ್. ಹುಡುಕುವವರು ಒಂದು ಭಾಷೆಯಲ್ಲಿ, ಸಿಗಬೇಕಾದವರು ಇನ್ನೊಂದು ಭಾಷೆಯಲ್ಲಿ. ಇವರಿಬ್ಬರೂ ಎಲ್ಲಿ ಸೇರುತ್ತಾರೆ ಅಂತ ಹುಡುಕುವ ಕೆಲಸಕ್ಕೇ ಕೀವರ್ಡ್ ರಿಸರ್ಚ್ ಅನ್ನುವುದು.

ಎರಡು ವರ್ಷದಿಂದ ನಾನು ವರದಿಗಾರಿಕೆಯ ಜೊತೆಗೆ ಸಾಗರದ ಕಡೆಯ ಒಬ್ಬ ವಾಟರ್‌ಪ್ರೂಫಿಂಗ್ ಕಂಟ್ರಾಕ್ಟರಿಗೆ ಕನ್ನಡದಲ್ಲಿ ಲೇಖನ ಬರೆದುಕೊಡುತ್ತಿದ್ದೇನೆ. ಬರೆಯುವುದಕ್ಕಿಂತ ಹೆಚ್ಚು ಹೊತ್ತು ಹೋಗುವುದು ಯಾವ ಪದಕ್ಕೆ ಬರೆಯಬೇಕು ಅಂತ ತಿಳಿಯುವುದರಲ್ಲಿ. ಆ ಕೆಲಸ ಹೇಗೆ ಮಾಡುತ್ತೇನೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲ ಮೂಲ: ಕರೆ ಮಾಡಿದವರ ಮೊದಲ ವಾಕ್ಯ

ಕೀವರ್ಡ್ ಅಂದರೆ ಎಲ್ಲರೂ ಮೊದಲು ಕಂಪ್ಯೂಟರ್ ತೆರೆಯುತ್ತಾರೆ. ನಾನು ಮೊದಲು ತೆರೆಯುವುದು ಕಂಟ್ರಾಕ್ಟರ ಫೋನಿಗೆ ಬಂದ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜುಗಳನ್ನು. ಕರೆಗಳದ್ದಾದರೆ, ಮಾತು ಶುರುವಾದ ಕೂಡಲೇ ಅವರು ಹೇಳಿದ ಮೊದಲ ವಾಕ್ಯವನ್ನು ಹಾಗೆಯೇ ಬರೆದಿಡಲು ಕಂಟ್ರಾಕ್ಟರಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದೇನೆ. ‘ಟೆರೇಸ್ ಕೆಲಸ’ ಅಂತ ಸಂಕ್ಷಿಪ್ತವಾಗಿ ಬರೆದರೆ ನನಗೆ ಉಪಯೋಗವಿಲ್ಲ. ‘ಮಳೆ ನಿಂತು ಎರಡು ದಿನ ಆದ್ಮೇಲೂ ಫ್ಯಾನ್ ಹತ್ರ ಹನಿ ಬೀಳ್ತದೆ’ ಅಂತ ಬರೆದರೆ ಅದು ಬಂಗಾರ.

ಒಂದು ಮಳೆಗಾಲದ ವಾಕ್ಯಗಳನ್ನು ಸಾಲಾಗಿ ಓದಿದರೆ ಎರಡು ವಿಷಯ ಕಾಣುತ್ತದೆ. ಒಂದು, ಒಂದೇ ವಸ್ತುವಿಗೆ ಊರಿಗೊಂದು ಹೆಸರಿದೆ. ತಾರಸಿ ಅನ್ನುವವರು ಕಡಿಮೆ, ಟೆರೇಸ್ ಅನ್ನುವವರು ಹೆಚ್ಚು. ಹಾಸನ, ಮಂಡ್ಯದ ಕಡೆಯಿಂದ ಬಂದು ನೆಲೆಸಿದವರು ‘ಮೋಲ್ಡ್’ ಅನ್ನುತ್ತಾರೆ. ಹಾವೇರಿ ಕಡೆಯವರು ‘ಸ್ಲ್ಯಾಬ್’ ಅನ್ನುತ್ತಾರೆ. ಎರಡನೆಯದು, ಕ್ರಿಯಾಪದವೂ ಬೇರೆ ಬೇರೆ. ನೀರು ಹನಿ ಹನಿಯಾಗಿ ಬಿದ್ದರೆ ಸೋರುವುದು, ಗೋಡೆಯಿಂದ ನಿಧಾನವಾಗಿ ಬಂದರೆ ಜಿನುಗುವುದು ಅಥವಾ ಒಸರುವುದು, ಬರೀ ಒದ್ದೆಯಾದರೆ ಥಂಡಿ, ಬಿಳಿ ಪುಡಿ ಬಂದರೆ ‘ಗೋಡೆ ಉಪ್ಪು ಬಿಡ್ತಾ ಇದೆ’. ಇವೆಲ್ಲ ಒಂದೇ ತೊಂದರೆಯ ಬೇರೆ ಬೇರೆ ಹೆಸರಲ್ಲ, ಬೇರೆ ಬೇರೆ ತೊಂದರೆಗಳು. ಈ ಮಾತಿಗೆ ಆಮೇಲೆ ಬರುತ್ತೇನೆ.

ಎರಡನೆಯದು: ಹುಡುಕುವ ಪೆಟ್ಟಿಗೆ

ಆ ವಾಕ್ಯಗಳನ್ನು ಒಂದೊಂದಾಗಿ ಗೂಗಲ್‌ನಲ್ಲಿ ನಿಧಾನವಾಗಿ ಟೈಪ್ ಮಾಡುತ್ತೇನೆ, ಆದರೆ ಹುಡುಕು ಅಂತ ಒತ್ತುವುದಿಲ್ಲ. ಕೆಳಗೆ ಇಳಿದುಬರುವ ಸಲಹೆಗಳನ್ನು ನೋಡುತ್ತೇನೆ. ಅವು ಬೇರೆ ಜನ ನಿಜವಾಗಿ ಹುಡುಕಿದ ಮಾತುಗಳಿಂದ ಬರುವಂಥವು. ಫೋನಿನಲ್ಲಿ ಮಾಡುವಾಗ ಒಂದು ಎಚ್ಚರ ಬೇಕು. ಸಲಹೆಯ ಪಕ್ಕದಲ್ಲಿ ಗಡಿಯಾರದ ಚಿತ್ರ ಇದ್ದರೆ ಅದು ನೀವೇ ಹಿಂದೆ ಹುಡುಕಿದ್ದು, ಲೆಕ್ಕಕ್ಕಿಲ್ಲ. ಭೂತಗನ್ನಡಿಯ ಚಿತ್ರ ಇದ್ದರೆ ಮಾತ್ರ ಬರೆದುಕೊಳ್ಳಬೇಕು. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಮಾಡಿದರೆ ಈ ಗೊಂದಲ ಇರುವುದಿಲ್ಲ.

ಒಂದೇ ಮಾತನ್ನು ಮೂರು ರೀತಿ ಹಾಕಿ ನೋಡಬೇಕು. ಕನ್ನಡ ಅಕ್ಷರದಲ್ಲಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಮತ್ತು ಎರಡೂ ಬೆರೆತದ್ದರಲ್ಲಿ:

```
ಮನೆ ಸೋರುತ್ತಿದೆ ಏನು ಮಾಡಬೇಕು
mane sorutide en madbeku
terrace leakage solution in kannada
```

ಮೊದಲನೆಯದು ಹೆಚ್ಚಾಗಿ ಮೈಕ್ ಒತ್ತಿ ಮಾತಾಡಿ ಹುಡುಕುವವರದ್ದು, ಹಾಗಾಗಿ ಪೂರ್ತಿ ವಾಕ್ಯವಾಗಿ ಇರುತ್ತದೆ. ಎರಡನೆಯದರಲ್ಲಿ ಕಾಗುಣಿತಕ್ಕೆ ಲೆಕ್ಕವೇ ಇಲ್ಲ: `sorutide`, `soruttide`, `soruthide`. ಇವನ್ನೆಲ್ಲ ಲೇಖನದಲ್ಲಿ ತುರುಕಬೇಕಾಗಿಲ್ಲ. ಕಾಗುಣಿತದ ವ್ಯತ್ಯಾಸವನ್ನು ಗೂಗಲ್ ಸುಮಾರಾಗಿ ಅರ್ಥ ಮಾಡಿಕೊಳ್ಳುತ್ತದೆ. ಮೂರನೆಯದರ ಕೊನೆಯಲ್ಲಿರುವ `in kannada` ಎಂಬುದನ್ನು ಗಮನಿಸಿ. ಹಾಗೆ ಟೈಪ್ ಮಾಡುವವರಿಗೆ ಪದ ಇಂಗ್ಲಿಷ್‌ನಲ್ಲಿ ಗೊತ್ತಿದೆ, ಉತ್ತರ ಮಾತ್ರ ಕನ್ನಡದಲ್ಲಿ ಬೇಕು. ಇದೇ ಮೂರನ್ನು ಯೂಟ್ಯೂಬ್‌ನಲ್ಲೂ ಹಾಕಿ ನೋಡುತ್ತೇನೆ, ಏಕೆಂದರೆ ಹಳ್ಳಿಯ ಕಡೆ ಎಷ್ಟೋ ಜನ ಹುಡುಕುವುದೇ ಅಲ್ಲಿ.

ಆಮೇಲೆ ಹುಡುಕು ಒತ್ತಿ, ಬಂದ ಫಲಿತಾಂಶಗಳನ್ನೇ ಓದಬೇಕು. ಇದನ್ನು ಬಿಟ್ಟರೆ ಪದ ಎಲ್ಲಿಗೆ ಒಯ್ಯುತ್ತದೆ ಅಂತ ತಿಳಿಯುವುದೇ ಇಲ್ಲ. ಉದಾಹರಣೆಗೆ ‘ಸೋರಿಕೆ’ ಎಷ್ಟು ಚೆಂದದ ಪದ. ಅದೊಂದನ್ನೇ ಹಾಕಿದರೆ ಬರುವುದು ಪ್ರಶ್ನೆಪತ್ರಿಕೆ ಸೋರಿಕೆ, ಅನಿಲ ಸೋರಿಕೆ. ಸುದ್ದಿಮನೆಗಳು ಆ ಪದವನ್ನು ಎಂದೋ ತಮ್ಮದಾಗಿಸಿಕೊಂಡಿವೆ. ಹೋಗಲಿ ಅಂತ ಮಾಳಿಗೆ ಪದವನ್ನು ಜೊತೆಗೆ ಹಾಕಿದರೆ ಶಿಶುನಾಳ ಶರೀಫರ ತತ್ವಪದ ಬರುತ್ತದೆ. ಹಾಡು ಕೇಳಲು ಬಂದವರಿಗೆ ಸ್ಲ್ಯಾಬಿನ ಬಿರುಕಿನ ಬಗ್ಗೆ ಹೇಳಿ ಏನು ಪ್ರಯೋಜನ? ಈ ಎರಡೂ ಪದ ನನ್ನ ಪಟ್ಟಿಯಲ್ಲಿಲ್ಲ.

ಬರೀ `waterproofing` ಅಂತ ಹಾಕಿದರೆ ಪೇಂಟ್ ಕಂಪನಿಗಳು ಮತ್ತು ದೇಶದ ಎಲ್ಲ ಊರಿನ ಕೆಲಸಗಾರರ ಪಟ್ಟಿ ಇಟ್ಟುಕೊಂಡ ದೊಡ್ಡ ತಾಣಗಳು ಸಾಲಾಗಿ ನಿಂತಿರುತ್ತವೆ. ತಾಲ್ಲೂಕಿನ ಒಬ್ಬ ಕಂಟ್ರಾಕ್ಟರ್ ಅಲ್ಲಿ ನುಗ್ಗಲು ಹೋಗುವುದು ವ್ಯರ್ಥ. `near me` ಸೇರಿಸಿ ಹುಡುಕಿದರೆ ಮೊದಲು ಬರುವುದು ಮ್ಯಾಪ್. ಅದಕ್ಕೆ ಗೂಗಲ್‌ನಲ್ಲಿ ಅಂಗಡಿಯ ವಿಳಾಸ, ಫೋನ್ ನಂಬರ್ ಸರಿಯಾಗಿ ನೋಂದಾಯಿಸಿದರೆ ಸಾಕು, ಲೇಖನ ಬೇಕಿಲ್ಲ. `dr fixit` ಅಂತ ಹುಡುಕುವವರೂ ಬಹಳ. ನಮ್ಮ ಕಡೆ ಯಾವ ಕಂಪನಿಯ ಡಬ್ಬವಾದರೂ ಅದಕ್ಕೆ ಡಾಕ್ಟರ್ ಫಿಕ್ಸಿಟ್ ಅನ್ನುವುದು ರೂಢಿ. ಆದರೆ ಡಬ್ಬದ ಹೆಸರಿನ ಜೊತೆ ಬೆಲೆ ಹುಡುಕುವವರು ಹೆಚ್ಚಾಗಿ ತಾವೇ ತಂದು ಬಳಿಯುವ ಯೋಚನೆಯಲ್ಲಿರುತ್ತಾರೆ. ಅವರಿಗೆ ಬೇಕಿರುವುದು ಅಂಗಡಿ, ಕೆಲಸಗಾರರಲ್ಲ.

ಸಂಖ್ಯೆ ಇಲ್ಲ ಅಂದರೆ ಜನ ಇಲ್ಲ ಅಂತಲ್ಲ

ಗೂಗಲ್‌ನ ಜಾಹೀರಾತು ವಿಭಾಗದಲ್ಲಿ ಕೀವರ್ಡ್ ಪ್ಲಾನರ್ ಎಂಬ ಸಾಧನ ಇದೆ. ಖಾತೆ ತೆರೆದರೆ ತಿಂಗಳಿಗೆ ಎಷ್ಟು ಸಲ ಒಂದು ಪದವನ್ನು ಹುಡುಕಿದ್ದಾರೆ ಅಂತ ತೋರಿಸುತ್ತದೆ, ಊರನ್ನೂ ಆರಿಸಿಕೊಳ್ಳಬಹುದು. ಆದರೆ ಜಾಹೀರಾತಿಗೆ ದುಡ್ಡು ಹಾಕದವರಿಗೆ ನಿಖರ ಸಂಖ್ಯೆ ಸಿಗುವುದಿಲ್ಲ. 10ರಿಂದ 100, 100ರಿಂದ 1000 ಎಂಬಂಥ ಅಗಲವಾದ ಅಂದಾಜು ಸಿಗುತ್ತದೆ. ಜಿಲ್ಲೆಯ ಮಟ್ಟಕ್ಕೆ ಇಳಿದು ಕನ್ನಡದ ಉದ್ದ ವಾಕ್ಯ ಹಾಕಿದರೆ ಎಷ್ಟೋ ಸಲ ಬರೀ ಗೆರೆ ಬರುತ್ತದೆ.

ಆ ಗೆರೆ ನೋಡಿ ಪದವನ್ನು ಕೈಬಿಡಬಾರದು. ಅದರ ಅರ್ಥ ತೋರಿಸುವಷ್ಟು ಲೆಕ್ಕ ಇಲ್ಲ ಅಂತ ಮಾತ್ರ. ನಮ್ಮ ಕಂಟ್ರಾಕ್ಟರ ತಂಡದಲ್ಲಿ ಆರು ಜನ ಇದ್ದಾರೆ. ತಿಂಗಳಿಗೆ ಐದಾರು ಮನೆಯ ಕೆಲಸ ಸಿಕ್ಕರೆ ಅವರ ಕೈ ತುಂಬುತ್ತದೆ. ಹೀಗಿರುವಾಗ ತಿಂಗಳಿಗೆ ಸಾವಿರ ಜನ ಹುಡುಕುವ ಪದ ಅವರಿಗೆ ಏಕೆ? ತಮ್ಮ ಮೂರು ತಾಲ್ಲೂಕಿನೊಳಗೆ, ತಾವು ಮಾಡಬಲ್ಲ ಕೆಲಸವನ್ನೇ ಹುಡುಕುವ ಹತ್ತು ಜನ ಸಾಕು. ಹಾಗಾಗಿ ಪ್ಲಾನರನ್ನು ನಾನು ಬಳಸುವುದು ಸಮ ಇರುವ ಎರಡು ಪದಗಳಲ್ಲಿ ಯಾವುದು ದೊಡ್ಡದು ಅಂತ ನೋಡಲು ಮಾತ್ರ. ಟೆರೇಸ್ ದೊಡ್ಡದೋ ತಾರಸಿಯೋ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ.

ಒಂದು ಪದ ತೆಗೆದುಕೊಂಡು ಕೊನೆಯವರೆಗೆ

ಈಗ ಹಿಂದೆ ಬಿಟ್ಟ ಮಾತಿಗೆ ಬರುತ್ತೇನೆ. ಪ್ರತಿಯೊಂದು ಲಕ್ಷಣದ ಹಿಂದೆ ಬೇರೆ ಕಾರಣ ಇದೆ. ಪದ ಹುಡುಕುವವನಿಗೆ ಇದು ಗೊತ್ತಿಲ್ಲದಿದ್ದರೆ ಮನೆಯವರ ದುಡ್ಡು ಹಾಳಾಗುತ್ತದೆ.

ನೋಟ್‌ಬುಕ್‌ನಲ್ಲಿ ಪದೇ ಪದೇ ಬಂದ ಒಂದು ವಾಕ್ಯ ಹೀಗಿತ್ತು: ‘ಗೋಡೆ ಕೆಳಗೆ ಬಣ್ಣ ಉದುರ್ತಾ ಇದೆ, ಪುಟ್ಟಿ ಹಾಕ್ಸಿದ್ರೂ ನಿಲ್ತಾ ಇಲ್ಲ.’ ಇದನ್ನು ಹೇಳಿದವರಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ. ಅವರ ಮನೆಗೆ ಕಂಟ್ರಾಕ್ಟರ ಜೊತೆ ನಾನೂ ಹೋಗಿದ್ದೆ. ಅವರು ಆ ಹಿಂದಿನ ಬೇಸಿಗೆಯಲ್ಲಿ ಬೇರೆ ಯಾರಿಂದಲೋ ಇಡೀ ಟೆರೇಸಿಗೆ ಕೋಟಿಂಗ್ ಮಾಡಿಸಿದ್ದರು. ನಿವೃತ್ತಿಯ ಹಣದಲ್ಲಿ ದೊಡ್ಡ ಪಾಲು ಅದಕ್ಕೇ ಹೋಗಿತ್ತು. ಟೆರೇಸ್ ಚೆನ್ನಾಗಿಯೇ ಇತ್ತು, ಮೊದಲೂ ಅದು ಸೋರುತ್ತಿರಲಿಲ್ಲ. ಒದ್ದೆ ಇದ್ದದ್ದು ನೆಲದಿಂದ ಸೊಂಟದೆತ್ತರದ ತನಕ. ಅದರ ಮೇಲಂಚಿನಲ್ಲಿ ಅಲೆಯ ಗುರುತಿನಂತೆ ಬಿಳಿ ಉಪ್ಪಿನ ಗೆರೆ.

ಇದು ಮೇಲಿನಿಂದ ಇಳಿದ ನೀರಲ್ಲ, ನೆಲದಿಂದ ಏರಿದ್ದು. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಇಟ್ಟಿಗೆ, ಚಿರೆಕಲ್ಲು, ಗಾರೆ ಮಣ್ಣಿನ ತೇವವನ್ನು ಮೇಲಕ್ಕೆ ಎಳೆಯುತ್ತವೆ. ಸಾಮಾನ್ಯವಾಗಿ ಇದು ಒಂದು ಮೀಟರ್ ಆಸುಪಾಸಿಗೆ ನಿಲ್ಲುತ್ತದೆ. ಮಣ್ಣಿನ ಉಪ್ಪು ನೀರಿನ ಜೊತೆ ಬಂದು, ನೀರು ಆರಿದ ಮೇಲೆ ಗೋಡೆಯ ಮೇಲೆ ಉಳಿಯುತ್ತದೆ, ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ಮನೆ ಕಟ್ಟುವಾಗ ಪಂಚಾಂಗದ ಮೇಲೆ ತೇವ ತಡೆಯುವ ಪದರ ಹಾಕದಿದ್ದರೆ, ಅಥವಾ ಆಮೇಲೆ ಅಂಗಳಕ್ಕೆ ಮಣ್ಣು ತುಂಬಿಸಿ ಹೊರಗಿನ ನೆಲ ಆ ಪದರಕ್ಕಿಂತ ಮೇಲೆ ಬಂದರೆ ಹೀಗಾಗುತ್ತದೆ. ಇದಕ್ಕೆ ಟೆರೇಸ್ ಕೋಟಿಂಗ್ ಮಾಡಿಸುವುದು ಕಾಲು ನೋವಿಗೆ ತಲೆಗೆ ಎಣ್ಣೆ ಹಚ್ಚಿದ ಹಾಗೆ. ಒದ್ದೆ ಗೋಡೆಯ ಮೇಲೆ ಪುಟ್ಟಿಯೂ ನಿಲ್ಲುವುದಿಲ್ಲ.

ಹಿಂದಿರುಗಿ ಬಂದು ಆ ವಾಕ್ಯವನ್ನು ಹುಡುಕಿ ನೋಡಿದೆ. ‘ಗೋಡೆ ಬಣ್ಣ ಉದುರುವುದು’ ಎಂಬುದಕ್ಕೆ ಬಂದದ್ದರಲ್ಲಿ ಹೆಚ್ಚಿನವು ಪುಟ್ಟಿ ಹಾಕುವ, ಬಣ್ಣ ಹೊಡೆಯುವ ವಿಡಿಯೊಗಳು. ನೆಲದ ತೇವದ ಬಗ್ಗೆ ಕನ್ನಡದಲ್ಲಿ ಬಿಡಿಸಿ ಹೇಳಿದ್ದು ನನಗೆ ಸಿಗಲಿಲ್ಲ. ಜನ ಹುಡುಕುತ್ತಿದ್ದಾರೆ, ಉತ್ತರ ಇಲ್ಲ. ಕೀವರ್ಡ್ ಹುಡುಕುವವನು ಕಾಯುವುದೇ ಇಂಥ ಜಾಗಕ್ಕೆ.

ಇಲ್ಲಿ ಕಂಟ್ರಾಕ್ಟರಿಗೂ ನನಗೂ ಒಂದು ಚರ್ಚೆ ಆಯಿತು. ಅವರೆಂದರು, ‘ಮಾರಾಯ್ರೆ, ಅದ್ರಲ್ಲೇ ಟೆರೇಸ್ ವಾಟರ್‌ಪ್ರೂಫಿಂಗ್ ಅಂತಾನೂ ನಾಲ್ಕು ಸಲ ಸೇರಿಸಿ. ದುಡ್ಡು ಇರೋದು ಟೆರೇಸ್ ಕೆಲ್ಸದಲ್ಲಿ.’ ಅವರು ಹೇಳಿದ್ದು ಸುಳ್ಳಲ್ಲ. ಗೋಡೆಯ ತೇವದ ಕೆಲಸ ಸಣ್ಣದು, ಧೂಳು ಜಾಸ್ತಿ: ಒದ್ದೆಯ ಗೆರೆಯಿಂದ ಸ್ವಲ್ಪ ಮೇಲಿನವರೆಗೆ ಗಾರೆ ಕಿತ್ತು, ಬುಡದಲ್ಲಿ ಸಾಲಾಗಿ ತೂತು ಕೊರೆದು, ತೇವ ತಡೆಯುವ ರಾಸಾಯನಿಕ ತುಂಬಿ, ಗೋಡೆ ಆರಲು ಬಿಟ್ಟು, ಮತ್ತೆ ಗಾರೆ ಮಾಡಬೇಕು. ಟೆರೇಸ್ ಆದರೆ ಚದರಡಿ ಲೆಕ್ಕದಲ್ಲಿ ಒಂದೇ ಸಲ ದೊಡ್ಡ ಬಿಲ್.

ನಾನು ಅವರ ನೋಟ್‌ಬುಕ್ಕನ್ನೇ ತೋರಿಸಿದೆ. ಅದರಲ್ಲಿ ಅವರು 30, 40 ಕಿಲೋಮೀಟರ್ ಬೈಕ್‌ನಲ್ಲಿ ಹೋಗಿ, ನೋಡಿ, ‘ಇದು ನಮ್ಮ ಕೆಲಸ ಅಲ್ಲ’ ಅಂತ ಬರಿಗೈಲಿ ಬಂದ ಮನೆಗಳ ಲೆಕ್ಕವೂ ಇತ್ತು. ಹೆಂಚಿನ ಮನೆ, ತಗಡಿನ ಶೀಟಿನ ಮನೆ, ಬಾತ್‌ರೂಮ್ ಪೈಪ್ ಒಡೆದ ಮನೆ. ತಪ್ಪು ಪದಕ್ಕೆ ಬಂದ ಕರೆಗೂ ಪೆಟ್ರೋಲ್ ಅಷ್ಟೇ ಖರ್ಚಾಗುತ್ತದೆ. ಗೋಡೆಯ ಬುಡದ ತೊಂದರೆ ಇರುವವರನ್ನು ಟೆರೇಸ್ ಪದದಿಂದ ಕರೆಸಿದರೆ ಎರಡೇ ದಾರಿ: ಇಲ್ಲ ಅಂತ ವಾಪಸ್ ಬರಬೇಕು, ಇಲ್ಲವೇ ಬೇಡದ ಕೆಲಸ ಮಾಡಿ ಬರಬೇಕು. ಎರಡನೆಯದು ಆ ಶಿಕ್ಷಕಿಯ ಮನೆಯಲ್ಲಿ ಬೇರೆಯವರಿಂದ ಆಗಿಹೋಗಿತ್ತು. ಕಂಟ್ರಾಕ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಯ್ತು, ಬೇರೆ ಬೇರೆನೇ ಬರೀರಿ’ ಅಂದರು.

ಹಾಗೆ ಪಟ್ಟಿ ಲಕ್ಷಣದ ಪ್ರಕಾರ ಮೂರು ಭಾಗವಾಯಿತು. ಮಳೆ ಬಂದಾಗ ಅಥವಾ ಬಂದ ಮೇಲೆ ಮೇಲಿನಿಂದ ಬೀಳುವುದು ಒಂದು ಗುಂಪು. ಅದಕ್ಕೆ ಟೆರೇಸ್, ಮೋಲ್ಡ್, ಸ್ಲ್ಯಾಬ್, ಪ್ಯಾರಾಪೆಟ್ ಬಿರುಕಿನ ಪದಗಳು. ಮಳೆಗೆ ಸಂಬಂಧವೇ ಇಲ್ಲದೆ ವರ್ಷಪೂರ್ತಿ ಬಾತ್‌ರೂಮಿನ ಆಚೆ ಬದಿಯ ಗೋಡೆ ಒದ್ದೆಯಾಗುವುದು ಎರಡನೆಯ ಗುಂಪು. ನೆಲದಿಂದ ಮೇಲೇರುವ ತೇವ, ಉಪ್ಪು, ಉದುರುವ ಪುಟ್ಟಿ ಮೂರನೆಯದು. ಒಂದೊಂದಕ್ಕೂ ಒಂದೊಂದು ಲೇಖನ. ಪ್ರತಿಯೊಂದರ ಮೊದಲ ನಾಲ್ಕು ಸಾಲಿನಲ್ಲೇ ‘ನಿಮ್ಮದು ಇದೇ ತೊಂದರೆಯಾ ಅಂತ ಹೀಗೆ ನೋಡಿಕೊಳ್ಳಿ’ ಎಂದು ಬರೆದೆ. ಒದ್ದೆ ಎಷ್ಟು ಎತ್ತರಕ್ಕಿದೆ, ಯಾವ ತಿಂಗಳಲ್ಲಿ ಹೆಚ್ಚು, ಗೋಡೆಯ ಆಚೆ ಬದಿ ಏನಿದೆ? ಈ ಮೂರು ಪ್ರಶ್ನೆಗೆ ಮನೆಯವರೇ ಉತ್ತರ ಕೊಟ್ಟುಕೊಳ್ಳಬಹುದು. ಹೆಂಚಿನ ಮನೆಯ ಪದಗಳನ್ನು ಪೂರ್ತಿ ಬಿಟ್ಟೆವು. ಮಲೆನಾಡಿನಲ್ಲಿ ಅದನ್ನು ಹುಡುಕುವವರು ಬಹಳ ಇದ್ದಾರೆ, ಆದರೆ ಅದು ಹೆಂಚು ಹೊದಿಸುವವರ ಕೆಲಸ, ಇವರದ್ದಲ್ಲ.

ಹುಡುಕುವ ತಿಂಗಳು, ಕೆಲಸದ ತಿಂಗಳು

ಪದದಷ್ಟೇ ಮುಖ್ಯ ಕಾಲ. ಗೂಗಲ್ ಟ್ರೆಂಡ್ಸ್‌ನಲ್ಲಿ ಕರ್ನಾಟಕ ಆರಿಸಿ, ಐದು ವರ್ಷ ಅಂತ ಕೊಟ್ಟು `waterproofing` ಹಾಕಿದರೆ ಮಳೆಗಾಲಕ್ಕೆ ಗೆರೆ ಏರುವುದು ಕಾಣುತ್ತದೆ. ಕನ್ನಡದ ಉದ್ದ ಪದಗಳಿಗೆ ಸಾಕಷ್ಟು ಮಾಹಿತಿ ಇಲ್ಲ ಅಂತ ಬರುತ್ತದೆ, ಹಾಗಾಗಿ ಕಾಲ ತಿಳಿಯಲು ಇಂಗ್ಲಿಷ್ ಪದವೇ ಸಾಕು.

ತೊಡಕು ಏನೆಂದರೆ, ಹುಡುಕುವುದು ಜುಲೈನಲ್ಲಿ, ಕೆಲಸ ಮಾಡಲು ಆಗುವುದು ಜನವರಿಯಿಂದ ಮೇ ತನಕ. ಟೆರೇಸಿಗೆ ಹಚ್ಚುವ ಹೆಚ್ಚಿನ ಕೋಟಿಂಗ್‌ಗಳಿಗೆ ಮೇಲ್ಮೈ ಒಣಗಿರಬೇಕು. ನಮ್ಮ ಕಡೆಯ ಮಳೆಯಲ್ಲಿ ಸ್ಲ್ಯಾಬ್ ಒಣಗುವ ಪ್ರಶ್ನೆಯೇ ಇಲ್ಲ. ಹಾಗಾಗಿ ಜುಲೈನಲ್ಲಿ ಹುಡುಕುವವರಿಗೆ ಬೇರೆ ಪದ, ಬೇರೆ ಉತ್ತರ: ‘ಮಳೆಗಾಲದಲ್ಲಿ ಮಾಡಬಹುದಾ’, ‘ಈಗ ಏನು ಮಾಡೋದು’. ಅದಕ್ಕೆ ಬರೆದ ಲೇಖನದಲ್ಲಿ ನೇರವಾಗಿಯೇ ಹೇಳಿದ್ದೇವೆ: ಈಗ ಟೆರೇಸಿನ ನೀರು ಹೋಗುವ ಬಾಯಿಯಲ್ಲಿ ಕಟ್ಟಿದ ಎಲೆ, ಪಾಚಿ ತೆಗೆಯಿರಿ, ನೀರು ನಿಲ್ಲುವ ಜಾಗ ಮತ್ತು ಒಳಗೆ ಹನಿ ಬೀಳುವ ಜಾಗದ ಫೋಟೊ ತೆಗೆದಿಡಿ, ಕೆಲಸ ಬೇಸಿಗೆಯಲ್ಲಿ ಮಾಡಿಸಿ. ಆ ಫೋಟೊ ಕಳಿಸಿದವರ ಹೆಸರು, ಊರು ನೋಟ್‌ಬುಕ್‌ನಲ್ಲಿ ಉಳಿಯುತ್ತದೆ. ಜನವರಿಯಲ್ಲಿ ಕಂಟ್ರಾಕ್ಟರೇ ಅವರಿಗೆ ಕರೆ ಮಾಡುತ್ತಾರೆ. ಹೊಸ ಲೇಖನ ಗೂಗಲ್‌ನಲ್ಲಿ ನೆಲೆಯೂರಲು ವಾರಗಳೇ ಬೇಕಾಗುವುದರಿಂದ ಮಳೆಗಾಲದ ಪದಗಳಿಗೆ ನಾನು ಬರೆದು ಮುಗಿಸುವುದು ಏಪ್ರಿಲ್ ಒಳಗೆ.

ಸರಿ ಹೋಗಿದೆಯಾ ಅಂತ ತಿಳಿಯುವುದು

ಪದ ಸರಿಯಾಗಿದೆಯೋ ಇಲ್ಲವೋ ಎಂಬುದಕ್ಕೆ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನ ಇದೆ. ಯಾವ ಮಾತು ಹುಡುಕಿದಾಗ ನಮ್ಮ ಲೇಖನ ಕಾಣಿಸಿತು, ಎಷ್ಟು ಜನ ಒತ್ತಿದರು ಅಂತ ಅದು 16 ತಿಂಗಳ ತನಕದ ಲೆಕ್ಕ ತೋರಿಸುತ್ತದೆ. ತೀರಾ ಕಡಿಮೆ ಜನ ಹುಡುಕಿದ ಮಾತುಗಳನ್ನು ಗೌಪ್ಯತೆಗಾಗಿ ಮರೆಮಾಡುತ್ತದೆ, ಆದ್ದರಿಂದ ಪಟ್ಟಿಯ ಮೊತ್ತ ಒಟ್ಟು ಸಂಖ್ಯೆಗೆ ಹೊಂದದಿದ್ದರೆ ಗಾಬರಿಯಾಗಬೇಕಿಲ್ಲ. ನಾನು ನೋಡುವುದು ಬಹಳ ಸಲ ಕಾಣಿಸಿಯೂ ಯಾರೂ ಒತ್ತದ ಮಾತುಗಳನ್ನು. ‘ಗೋಡೆ ಉಪ್ಪು’ ಎಂಬ ಮಾತು ಹಾಗೆ ಸಿಕ್ಕಿತು. ಲೇಖನದ ಒಳಗೆ ಅದಿತ್ತು, ಶೀರ್ಷಿಕೆಯಲ್ಲಿ ‘ನೆಲದ ತೇವ’ ಅಂತ ಇತ್ತು. ಶೀರ್ಷಿಕೆಯನ್ನು ‘ಗೋಡೆ ಉಪ್ಪು ಬಿಡುತ್ತಿದೆಯಾ? ಕಾರಣ ನೆಲದಲ್ಲಿರಬಹುದು’ ಅಂತ ಮಾಡಿದ ಮೇಲೆ ಜನ ಒತ್ತತೊಡಗಿದರು.

ಆದರೆ ಕೊನೆಯ ಪರೀಕ್ಷೆ ಅದೇ ನೋಟ್‌ಬುಕ್. ಈಗ ಅದರಲ್ಲಿ ಇನ್ನೊಂದು ಸಾಲು ಸೇರಿಸಿದ್ದೇವೆ: ಹೋಗಿ ನೋಡಿದಾಗ ಅವರು ಹೇಳಿದ ತೊಂದರೆಯೇ ಇತ್ತಾ? ಹೌದು ಅಂತ ಬರೆದ ಸಾಲುಗಳು ಹೆಚ್ಚಾಗುತ್ತಿದ್ದರೆ ಪದ ಸರಿಯಾದವರನ್ನು ಕರೆತರುತ್ತಿದೆ. ಒಂದೇ ಪದದಿಂದ ಬಂದ ಕರೆಗಳಲ್ಲಿ ಇಲ್ಲ ಎಂಬುದು ಹೆಚ್ಚಿದರೆ ಆ ಲೇಖನದ ಮೊದಲ ನಾಲ್ಕು ಸಾಲನ್ನು ಮತ್ತೆ ಬರೆಯುತ್ತೇನೆ.

ಮನೆ ಸೋರುತ್ತಿರುವ ಓದುಗರಿಗೆ ಒಂದು ಮಾತು. ನೀವು ಹುಡುಕುವಾಗ ಡಬ್ಬದ ಹೆಸರು, ಕಂಪನಿಯ ಹೆಸರು ಹಾಕಬೇಡಿ. ಕಂಡದ್ದನ್ನು ಕಂಡ ಹಾಗೆ ಹಾಕಿ: ಎಲ್ಲಿ ಒದ್ದೆ, ಎಷ್ಟು ಎತ್ತರಕ್ಕೆ, ಮಳೆ ಬಂದಾಗ ಮಾತ್ರವೋ ವರ್ಷಪೂರ್ತಿಯೋ. ಕರೆ ಮಾಡಿದಾಗಲೂ ಅದನ್ನೇ ಹೇಳಿ. ಬಂದವರು ಗೋಡೆಯ ಬುಡ ನೋಡದೆ, ಬಾತ್‌ರೂಮ್ ಎಲ್ಲಿದೆ ಅಂತ ಕೇಳದೆ ನೇರ ಟೆರೇಸಿಗೆ ಹತ್ತಿ ಚದರಡಿ ಅಳೆಯಲು ಶುರು ಮಾಡಿದರೆ, ಅವತ್ತೇ ಮುಂಗಡ ಕೊಡಬೇಡಿ.